ಕೆಡವಿದ ಮನೆಗೆ ದಿನವೂ ಕನಸಿನಲ್ಲಿ ಹೋಗುವುದು ಏಕೆ?

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ಬೈಂದೂರು ಕಡೆಯ ಹಳ್ಳಿಯವನು. ಆರು ವರ್ಷದಿಂದ ದುಬೈಯಲ್ಲಿ ಎಸಿ ಡಕ್ಟ್ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ಕ್ಯಾಂಪಿನ ಕೋಣೆಯಲ್ಲಿ ಎಂಟು ಜನ ಇದ್ದೇವೆ. ಕೆಲವು ತಿಂಗಳಿನಿಂದ ದಿನವೂ ಊರಿನ ಮನೆಯ ಕನಸು. ನಮ್ಮ ಹಳೆಯ ಹಂಚಿನ ಮನೆ, ಈಗ ಅಲ್ಲಿ ತಾರಸಿ ಮನೆ ಇದೆ. ಅಂಗಳಕ್ಕೆ ಬರುತ್ತೇನೆ, ಅಮ್ಮ ಹಟ್ಟಿಯಲ್ಲಿ ಇರುತ್ತಾಳೆ, ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ. ನಾಲ್ಕು ಗಂಟೆಗೆ ಅಲಾರಂ ಹೊಡೆದಾಗ ಎದೆ ಭಾರವಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತೇನೆ. ರಾತ್ರಿ ಹತ್ತಕ್ಕೆ ಮನೆಗೆ ಮಾತಾಡಿ ಮಲಗುತ್ತೇನೆ. ಎಲ್ಲ ಸರಿ ಇದೆ ಎನ್ನುತ್ತಾರೆ, ಆದರೆ ಹಸು ಮಾರಿದ ಸುದ್ದಿ ನನಗೆ ಎರಡು ತಿಂಗಳ ಮೇಲೆ ಅಣ್ಣನ ಮಗನಿಂದ ತಿಳಿಯಿತು. ದೈವದ ಹರಕೆ ಬಾಕಿ ಇದೆ, ಕೇಡು ಬರುವ ಸೂಚನೆ ಎಂದು ಅಮ್ಮ ಹೆದರಿದ್ದಾಳೆ. ಇದು ಮಾನಸಿಕ ಕಾಯಿಲೆಯೇ? ಊರಿಗೆ ಹೋದ ಗೆಳೆಯನ ಕೈಯಲ್ಲಿ ನಿದ್ದೆ ಮಾತ್ರೆ ತರಿಸಲೇ? ಹೋದ ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ. ಎಲ್ಲ ಬಿಟ್ಟು ಬಂದುಬಿಡಲೇ?

ಉತ್ತರ: ಮೊದಲು ಅಮ್ಮನ ಭಯದ ಮಾತು. ಕನಸು ಮುಂದಾಗುವುದನ್ನು ತಿಳಿಸುವುದಿಲ್ಲ. ತಿಳಿಸಿತು ಎಂದು ಅನ್ನಿಸುವುದಕ್ಕೆ ಕಾರಣವಿದೆ. ತಿಂಗಳುಗಟ್ಟಲೆ ದಿನವೂ ಮನೆಯ ಕನಸು ಬೀಳುತ್ತಿದ್ದರೆ, ಆ ಮನೆಯಲ್ಲಿ ವಯಸ್ಸಾದವರಿದ್ದರೆ, ಯಾವುದೋ ಒಂದು ದಿನ ಯಾರಿಗಾದರೂ ಜ್ವರವೋ ಬಿದ್ದು ಪೆಟ್ಟೋ ಆಗಿಯೇ ಆಗುತ್ತದೆ. ಅಂದು ಕನಸು ನಿಜವಾಯಿತು ಎನ್ನುತ್ತೇವೆ. ಏನೂ ಆಗದೆ ಕಳೆದ ನೂರಾರು ಬೆಳಗುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹರಕೆ ತೀರಿಸಿದರೆ ಅಮ್ಮನಿಗೆ ಸಮಾಧಾನವಾಗುವುದಾದರೆ ಖಂಡಿತ ತೀರಿಸಲಿ. ಅವಳ ನೆಮ್ಮದಿ ಸಣ್ಣ ವಿಷಯವಲ್ಲ. ಅದಕ್ಕಾಗಿ ಸಾಲ ಮಾಡುವುದು ಮಾತ್ರ ಬೇಡ, ಕನಸು ನಿಲ್ಲುತ್ತದೆ ಎಂಬ ನಿರೀಕ್ಷೆಯೂ ಬೇಡ.

ಕಾಯಿಲೆಯೇ ಎಂಬ ಪ್ರಶ್ನೆ ಹಳೆಯದು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಬಾಸೆಲ್ ನಗರದಲ್ಲಿ ಒಂದು ಪ್ರಬಂಧ ಬರೆದು, ಊರು ಬಿಟ್ಟು ದೂರ ಹೋದ ಸ್ವಿಸ್ ಯುವಕರನ್ನು ಕಾಡುವ ಮನೆಯ ಹಂಬಲವನ್ನು ಒಂದು ರೋಗವೆಂದೇ ವಿವರಿಸಿದ. ಆಮೇಲೆ ಬಹಳ ಕಾಲ ವೈದ್ಯರು, ಮುಖ್ಯವಾಗಿ ಸೇನೆಯ ವೈದ್ಯರು, ಅದನ್ನು ರೋಗದ ಪಟ್ಟಿಯಲ್ಲಿಯೇ ಇಟ್ಟಿದ್ದರು. ಇಂದಿನ ಪಟ್ಟಿಗಳಲ್ಲಿ ಅದು ಇಲ್ಲ. ಊರಿನ ಹಂಬಲ ಕಾಯಿಲೆಯಲ್ಲ, ಗಂಡಸಿಗೆ ಸಲ್ಲದ ದೌರ್ಬಲ್ಯವೂ ಅಲ್ಲ. ಮಧ್ಯಾಹ್ನಕ್ಕೆ ಸರಿಹೋಗುತ್ತೇನೆ ಎಂಬ ನಿಮ್ಮ ಒಂದು ಮಾತು ನನಗೆ ಬಹಳ ಮುಖ್ಯ. ಹಂಬಲದ ನೋವು ಕೆಲಸದಲ್ಲಿ, ಮಾತುಕತೆಯಲ್ಲಿ ಹಿಂದೆ ಸರಿಯುತ್ತದೆ. ಖಿನ್ನತೆ ಸಾಮಾನ್ಯವಾಗಿ ಹಾಗೆ ಸರಿಯುವುದಿಲ್ಲ. ಆದರೆ ಹಂಬಲವನ್ನು ಬಹುಕಾಲ ಒಬ್ಬನೇ ಹೊತ್ತರೆ ಅದು ಖಿನ್ನತೆಗೆ ದಾರಿ ಮಾಡಬಹುದು. ಅದರ ಗುರುತುಗಳನ್ನು ಮುಂದೆ ಹೇಳುತ್ತೇನೆ.

ದಿನವೂ ಏಕೆ, ಅದೂ ಇಷ್ಟು ಸ್ಪಷ್ಟವಾಗಿ ಏಕೆ? ಇದರಲ್ಲಿ ಅರ್ಧ ಪಾಲು ನಿಮ್ಮ ಅಲಾರಂನದು. ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಹೆಚ್ಚು, ಬೆಳಗಿನ ಕಡೆಯ ಸುತ್ತುಗಳಲ್ಲಿ ಕಣ್ಣಾಲಿಗಳು ಚಲಿಸುವ ರೆಮ್ ನಿದ್ದೆ ಹೆಚ್ಚು. ಕಥೆಯಂತೆ ಬಿಡಿಸಿಕೊಳ್ಳುವ ಕನಸುಗಳು ಬಹುಪಾಲು ಈ ರೆಮ್ ಹೊತ್ತಿನವು. ನಡುವೆ ಎಚ್ಚರವಾಗದಿದ್ದರೆ ಅವು ನೆನಪಿನಲ್ಲಿ ಉಳಿಯುವುದೇ ಅಪರೂಪ. ನೀವು ಹತ್ತೂವರೆ, ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುತ್ತಿದ್ದೀರಿ ಎಂದಿಟ್ಟುಕೊಂಡರೆ ಐದು ಗಂಟೆಯ ನಿದ್ದೆ, ಮತ್ತು ಅಲಾರಂ ಅನೇಕ ದಿನ ಕನಸಿನ ನಟ್ಟನಡುವೆಯೇ ಹೊಡೆಯುತ್ತದೆ. ಪಕ್ಕದ ಮಂಚದವನೂ ಕನಸು ಕಾಣುತ್ತಾನೆ. ಅವನಿಗೆ ನೆನಪಿರುವುದಿಲ್ಲ, ನಿಮಗಿರುತ್ತದೆ. ಇದರ ಜೊತೆಗೆ ಮಲಗುವ ಮುನ್ನ ಕೊನೆಯದಾಗಿ ಕೇಳಿದ್ದು ಅಮ್ಮನ ದನಿ. ಆ ಹೊತ್ತಿಗೆ ಊರಿನಲ್ಲಿ ಹನ್ನೊಂದೂವರೆ. ನಿಮಗಾಗಿ ಕಾದು ಕುಳಿತ, ನಿದ್ದೆಗಣ್ಣಿನ ದನಿ. ಅದನ್ನೇ ತಲೆಯಲ್ಲಿಟ್ಟುಕೊಂಡು ದಿಂಬಿಗೆ ಒರಗುತ್ತೀರಿ.

ಬಿ.ಪಿ. ಮಾತ್ರೆಯ ಹಾಳೆಯ ಮೇಲೆ ಯಾವ ಹೆಸರಿದೆ ಎಂದು ಈಗಲೇ ನೋಡಿ. ಪ್ರೊಪ್ರನಲಾಲ್, ಮೆಟೊಪ್ರೊಲಾಲ್ ಮೊದಲಾದ ಕೆಲವು ಮಾತ್ರೆಗಳಿಂದ ಕನಸುಗಳು ಹೆಚ್ಚು ಸ್ಪಷ್ಟವಾಗುವುದುಂಟು, ಕೆಲವರಿಗೆ ಕೆಟ್ಟ ಕನಸುಗಳೂ ಬೀಳುತ್ತವೆ. ಮಾತ್ರೆ ಶುರುವಾದ ಮೇಲೆ ಕನಸು ಹೆಚ್ಚಿತೇ ಎಂದು ನೆನಪಿಸಿಕೊಳ್ಳಿ. ಹೌದಾದರೆ ಕ್ಲಿನಿಕ್ಕಿನ ವೈದ್ಯರಿಗೆ ಹೇಳಿ, ಬೇರೆ ಮಾತ್ರೆ ಕೊಡಬಹುದು. ನೀವಾಗಿ ಒಮ್ಮೆಗೇ ನಿಲ್ಲಿಸಬೇಡಿ. ಈ ಗುಂಪಿನ ಮಾತ್ರೆಗಳನ್ನು ತಟ್ಟನೆ ಬಿಟ್ಟರೆ ರಕ್ತದೊತ್ತಡ, ಎದೆಬಡಿತ ಏರಿ ಅಪಾಯವಾಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕನಸು ಹಳೆಯ ಮನೆಗೇ ಏಕೆ ಹೋಗುತ್ತದೆ? ಇದಕ್ಕೆ ನನ್ನ ಬಳಿ ಬಂದ ಒಬ್ಬರ ಕಥೆ ಹೇಳಬೇಕು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅವರು ಕುಂದಾಪುರ ಕಡೆಯವರು, ನಲವತ್ತು ದಾಟಿದ ಶಟರಿಂಗ್ ಬಡಗಿ. ಹದಿನಾಲ್ಕು ವರ್ಷ ಗಲ್ಫ್‌ನಲ್ಲಿ ದುಡಿದು, ತಂಗಿಯ ಮದುವೆ ಮಾಡಿ, ಹಂಚಿನ ಮನೆ ತೆಗೆದು ತಾರಸಿ ಮನೆ ಕಟ್ಟಿಸಿದ್ದರು. ಏಪ್ರಿಲ್ ಕೊನೆಯಲ್ಲಿ ರಜೆಗೆ ಬಂದಾಗ ಹೆಂಡತಿ ಕರೆದುಕೊಂಡು ಬಂದರು. ರಾತ್ರಿ ಎದ್ದು ಮಂಚದ ಅಂಚಿನಲ್ಲಿ ಕುಳಿತುಬಿಡುತ್ತಾರೆ, ಕೇಳಿದರೆ ಉತ್ತರವಿಲ್ಲ ಎಂಬುದು ಆಕೆಯ ದೂರು. ಅವರು ಬಹಳ ಸಂಕೋಚದಿಂದ ಹೇಳಿದ್ದು ಇಷ್ಟು: "ಅಲ್ಲಿದ್ದಾಗ ಮನೆಯ ಕನಸು ಬೀಳುತ್ತಿತ್ತು, ಅದು ಸಹಜ. ಮನೆಗೆ ಬಂದ ಮೇಲೂ ಮನೆಯ ಕನಸೇ ಬೀಳುತ್ತಿದೆ. ತಲೆ ಕೆಟ್ಟಿದೆಯೋ ಏನೋ." ಮನೆಯವರು ಆಗಲೇ ದರ್ಶನದಲ್ಲಿ ಕೇಳಿಸಿದ್ದರು, ಹರಕೆಯನ್ನೂ ತೀರಿಸಿದ್ದರು. ಒಂದು ವಾರ ಚೆನ್ನಾಗಿ ನಿದ್ದೆ ಬಂತು, ಆಮೇಲೆ ಮತ್ತೆ ಅದೇ.

ಅವರಿಗೆ ಕಾಗದ, ಪೆನ್ಸಿಲ್ ಕೊಟ್ಟು, ಕನಸಿನಲ್ಲಿ ಕಾಣುವ ಮನೆಯನ್ನು ಬರೆದು ತೋರಿಸಿ ಎಂದೆ. ಬಡಗಿಯ ಕೈ, ಗೆರೆಗಳು ನೇರವಾಗಿ ಬಂದವು. ಜಗಲಿ, ಒಳಗೆ ಚಾವಡಿ, ಹಿಂದೆ ಹಂಡೆ ಹೂತ ಬಚ್ಚಲು, ಪಕ್ಕದಲ್ಲಿ ಸೌದೆಯ ರಾಶಿ, ಹಟ್ಟಿ, ಹಟ್ಟಿಗೂ ಬಾವಿಗೂ ನಡುವೆ ಹುಲ್ಲಿನ ಕುತ್ತರಿ. ಬಾವಿಯ ರಾಟೆಯ ಹಗ್ಗ ಯಾವ ಕಂಬಕ್ಕೆ ಸುತ್ತಿರುತ್ತದೆ ಎಂಬುದನ್ನೂ ಬರೆದರು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ, "ಇದು ನಮ್ಮ ಮನೆಯಲ್ಲ, ಇದನ್ನು ಕೆಡವಿ ಎಷ್ಟೋ ವರ್ಷವಾಯಿತು" ಎಂದರು. ಅವರು ಕಾಗದವನ್ನು ನೋಡುತ್ತಲೇ ಇದ್ದರು. ಅಷ್ಟು ಕಾಲ ಕನಸು ಕಂಡರೂ ಆ ವಿಷಯ ಅವರ ಗಮನಕ್ಕೇ ಬಂದಿರಲಿಲ್ಲ. ತಮ್ಮ ದುಡ್ಡಿನಲ್ಲಿಯೇ ಕಟ್ಟಿದ ಹೊಸ ಮನೆ ಒಂದು ಸಲವೂ ಕನಸಿಗೆ ಬಂದಿರಲಿಲ್ಲ. ಬರುವುದಾದರೂ ಹೇಗೆ? ಆ ಮನೆಯಲ್ಲಿ ಅವರು ಒಟ್ಟಾರೆ ಇದ್ದದ್ದು ಕೆಲವೇ ತಿಂಗಳು, ಅದೂ ರಜೆಗೆ ಬಂದವರಾಗಿ. ಹುಟ್ಟಿ ಬೆಳೆದು ಮೈಗೆ ಹತ್ತಿದ ಮನೆ ಮೊದಲಿನದು.

ಮೂರು ವಾರ ಕನಸುಗಳನ್ನು ದಾಖಲಿಸಲು ಹೇಳಿದೆ. ಬರೆಯುವ ಅಭ್ಯಾಸ ಇಲ್ಲವೆಂದಾಗ, ಎದ್ದ ಕೂಡಲೇ ಮೊಬೈಲಿನಲ್ಲಿ ಎರಡು ನಿಮಿಷ ಮಾತಾಡಿ ಇಟ್ಟರೆ ಸಾಕು ಎಂದೆ. ಎಲ್ಲಿದ್ದೆ, ಯಾರಿದ್ದರು, ಏನು ಮಾಡಲು ಹೋಗಿ ಆಗಲಿಲ್ಲ. ಅರ್ಥ ಹುಡುಕುವುದು ಬೇಡ, ಕಂಡದ್ದನ್ನಷ್ಟೇ ಹೇಳಬೇಕು. ಆಮೇಲೆ ಇಬ್ಬರೂ ಕುಳಿತು ಕೇಳಿದೆವು.

ಪ್ರತಿ ಕನಸಿನಲ್ಲಿಯೂ ಮಳೆ ಇತ್ತು. ರಜೆ ಯಾವಾಗಲೂ ಏಪ್ರಿಲ್, ಮೇ ತಿಂಗಳು, ಮಕ್ಕಳ ಶಾಲೆಗೆ ಬಿಡುವೆಂದು. ಹದಿನಾಲ್ಕು ವರ್ಷದಲ್ಲಿ ಊರಿನ ಮಳೆಗಾಲವನ್ನು ಅವರು ನೋಡಿಯೇ ಇರಲಿಲ್ಲ. ಪ್ರತಿ ಕನಸಿನಲ್ಲಿಯೂ ಮಾಡು ಸೋರುತ್ತಿತ್ತು, ಅವರು ಹಂಚು ಬದಲಿಸಲು ಏಣಿ ಹತ್ತುತ್ತಿದ್ದರು, ಏಣಿ ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಕೆಳಗೆ ಏಣಿ ಹಿಡಿದವರು ಅಪ್ಪ. ಒಡೆದ ಹಂಚುಗಳನ್ನು ಮಳೆಗಾಲಕ್ಕೆ ಮೊದಲು ಬದಲಿಸುವುದು ವಿದೇಶಕ್ಕೆ ಹೋಗುವ ತನಕ ಪ್ರತಿ ವರ್ಷ ಅಪ್ಪ, ಮಗ ಸೇರಿ ಮಾಡುತ್ತಿದ್ದ ಕೆಲಸ. ಅಪ್ಪ ತೀರಿಕೊಂಡಾಗ ಇವರು ಊರು ಮುಟ್ಟಿದ್ದು ಮೂರನೆಯ ದಿನ. ದಹನವಾಗಿತ್ತು. ಒಂದು ತಿಂಗಳೊಳಗೆ ವಾಪಸು ಹೋಗಿ ಕೆಲಸಕ್ಕೆ ನಿಂತರು. ಅತ್ತದ್ದು ನೆನಪಿಲ್ಲ ಎಂದರು.

ಅವರು ಮನೆಯ ಹಂಬಲ ಎಂದು ಕರೆಯುತ್ತಿದ್ದುದರಲ್ಲಿ ಬೇರೆ ಬೇರೆ ನೋವುಗಳು ಸೇರಿಕೊಂಡಿದ್ದವು. ದೂರ ಇರುವ ನೋವು ಅದರಲ್ಲಿ ಒಂದು ಪಾಲು ಮಾತ್ರ. ಅಪ್ಪನ ಸಾವಿನ ದುಃಖ ಒಳಗೇ ನಿಂತಿತ್ತು. ಕಳೆದುಹೋದ ಕಾಲದ ಹಂಬಲವಿತ್ತು, ಅದನ್ನು ಯಾವ ವಿಮಾನದ ಟಿಕೆಟ್ಟೂ ತಂದುಕೊಡುವುದಿಲ್ಲ. ಇನ್ನೊಂದನ್ನು ಅವರೇ ಕಂಡುಕೊಂಡರು. ಧ್ವನಿಮುದ್ರಣ ಕೇಳುತ್ತಾ ಕೇಳುತ್ತಾ, "ನನಗೆ ಬೇಕಾಗಿರುವುದು ಮನೆಯಲ್ಲ ಡಾಕ್ಟರೇ, ಮನೆಯಲ್ಲಿ ನನಗೆಂದು ಒಂದು ಕೆಲಸ" ಎಂದರು. ಕಾಂಕ್ರೀಟಿನ ತಾರಸಿಯಲ್ಲಿ ಬದಲಿಸಲು ಹಂಚಿಲ್ಲ. ರಜೆಗೆ ಬಂದರೆ ಬಿಸಿನೀರು ಕಾಯಿಸಿ ಕೊಡುತ್ತಾರೆ, ಒಳ್ಳೆಯ ಮೀನು ತರುತ್ತಾರೆ, ಬಟ್ಟಲು ತೊಳೆಯಲೂ ಬಿಡುವುದಿಲ್ಲ. ತೋಟದ ವಿಷಯ ಕೇಳಿದರೆ, ನೀವು ಆರಾಮಾಗಿರಿ ಎನ್ನುತ್ತಾರೆ. ಪ್ರೀತಿಯಿಂದಲೇ ಅವರನ್ನು ಮನೆಯ ಅತಿಥಿಯನ್ನಾಗಿ ಮಾಡಿದ್ದರು. ಮನೆಯಲ್ಲಿದ್ದೂ ಮನೆಯ ಕನಸು ಬೀಳುವುದಕ್ಕೆ ಕಾರಣ ಅದು.

ಮದ್ದು ಕೊಡಲಿಲ್ಲ. ಆ ರಜೆಯಲ್ಲಿಯೇ ಅಪ್ಪನ ಸಾವಿನ ಬಗ್ಗೆ ತಾಯಿಯೊಂದಿಗೆ ಕುಳಿತು ಮಾತಾಡಿದರು, ಕೊನೆಯ ದಿನಗಳು ಹೇಗಿದ್ದವೆಂದು ಮೊದಲ ಸಲ ಕೇಳಿ ತಿಳಿದರು. ಮನೆಯಲ್ಲಿ ಎರಡು ಒಪ್ಪಂದಗಳಾದವು: ಕೆಟ್ಟ ಸುದ್ದಿಯನ್ನು ಮುಚ್ಚಿಡುವಂತಿಲ್ಲ, ತೋಟದ ಲೆಕ್ಕ ಮತ್ತು ಆಳುಗಳ ವಿಚಾರ ಅವರದೇ, ಅಲ್ಲಿಂದಲೇ ನೋಡಿಕೊಳ್ಳುತ್ತಾರೆ. ಮುಂದಿನ ರಜೆಯನ್ನು ಜುಲೈಗೆ ಕೇಳಿ ಪಡೆದರು. ಆ ತಿಂಗಳು ಗಲ್ಫ್‌ನ ಶಾಲೆಗಳಿಗೂ ರಜೆಯಾದ್ದರಿಂದ ಟಿಕೆಟ್ ದುಬಾರಿ, ಮಕ್ಕಳೂ ಶಾಲೆಗೆ ಹೋಗಿರುತ್ತಾರೆ. ಆ ನಷ್ಟ ಒಪ್ಪಿಕೊಂಡೇ ಬಂದರು.

ಇದರ ಜೊತೆಗೆ ಕೆಟ್ಟ ಕನಸುಗಳಿಗೆ ನಾವು ಬಳಸುವ ಒಂದು ಅಭ್ಯಾಸವನ್ನು ಕಲಿಸಿದೆ. ಹಗಲು ಹೊತ್ತಿನಲ್ಲಿ, ಎಚ್ಚರವಿರುವಾಗ, ಕನಸನ್ನು ತಮಗೆ ಬೇಕಾದಂತೆ ಬದಲಿಸಿಕೊಂಡು ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲಿ ನಡೆಸಬೇಕು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಬಿಡುವಿನಲ್ಲಿ ನೆರಳಿಗೆ ಒರಗಿ ಮಾಡುತ್ತಿದ್ದರು. ಏಣಿ ಮಾಡಿಗೆ ಮುಟ್ಟುತ್ತದೆ, ಹಂಚು ಕೂರುತ್ತದೆ, ಇಳಿದು ಅಪ್ಪನೊಂದಿಗೆ ಜಗಲಿಯಲ್ಲಿ ಚಹಾ ಕುಡಿಯುತ್ತಾರೆ. ಬದಲಾದ ಕಥೆ ಅವರೇ ಆರಿಸಿಕೊಂಡದ್ದು, ನಾನು ಹೇಳಿಕೊಟ್ಟದ್ದಲ್ಲ. ಕೆಲವು ತಿಂಗಳಲ್ಲಿ ಕನಸು ವಾರಕ್ಕೆ ಒಂದೆರಡಕ್ಕೆ ಇಳಿಯಿತು, ಬೆಚ್ಚಿ ಏಳುವುದು ನಿಂತಿತು. ಪೂರ್ತಿ ಹೋಗಲಿಲ್ಲ. ಹೋಗಬೇಕೆಂದು ಅವರಿಗೂ ಅನ್ನಿಸಲಿಲ್ಲ.

ಇನ್ನು ನಿಮ್ಮ ವಿಷಯ. ನಿಮ್ಮ ಕನಸಿಗೆ ನಾನು ಇಲ್ಲಿ ಕುಳಿತು ಅರ್ಥ ಹೇಳಲಾರೆ, ಯಾರಾದರೂ ಹೇಳಿದರೂ ನಂಬಬೇಡಿ. ಆದರೆ ಪತ್ರದಲ್ಲಿ ಎರಡು ಸಾಲುಗಳು ಹತ್ತಿರ ಹತ್ತಿರ ಬಂದಿವೆ. ಕನಸಿನಲ್ಲಿ ಅಮ್ಮ ಹಟ್ಟಿಯಲ್ಲಿದ್ದು ತಿರುಗಿ ನೋಡುವುದಿಲ್ಲ. ಎಚ್ಚರದಲ್ಲಿ ಹಟ್ಟಿಯ ಹಸು ಹೋದ ಸುದ್ದಿ ನಿಮಗೆ ತಲುಪಲಿಲ್ಲ. ನನ್ನ ಊಹೆ ತಪ್ಪಿರಬಹುದು, ಆದರೂ ಅಮ್ಮನನ್ನು ಒಮ್ಮೆ ನೇರವಾಗಿ ಕೇಳಿ: ಹಸು ಏಕೆ ಮಾರಿದಿರಿ, ಇನ್ನೇನು ನನಗೆ ಹೇಳಿಲ್ಲ? ದೂರದಲ್ಲಿರುವವನಿಗೆ ಏಕೆ ಚಿಂತೆ ಎಂದು ಮನೆಯವರು ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಟ್ಟದ್ದು ಒಮ್ಮೆ ಹೊರಬಿದ್ದರೆ, ಆಮೇಲೆ "ಎಲ್ಲ ಸರಿ ಇದೆ" ಎಂಬ ಮಾತು ಯಾವತ್ತೂ ಸಮಾಧಾನ ಕೊಡುವುದಿಲ್ಲ. ಇದನ್ನು ನಾನು ಗಲ್ಫ್ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಕರೆಯ ಹೊತ್ತನ್ನು ಬದಲಿಸಿ. ಕೆಲಸದಿಂದ ಬಂದು ಸ್ನಾನ ಮುಗಿಸಿ ಏಳೂವರೆಗೆ ಮಾತಾಡಿದರೆ ಊರಿನಲ್ಲಿ ಒಂಬತ್ತು ಗಂಟೆ, ಅಮ್ಮ ಎಚ್ಚರವಾಗಿರುತ್ತಾಳೆ. ನಿಮಗೂ ಮಲಗುವ ಮುನ್ನ ಎರಡು ಗಂಟೆ ಸಿಗುತ್ತದೆ, ಒಂಬತ್ತೂವರೆಗೇ ಮಲಗಿದರೆ ಒಂದು ಗಂಟೆ ನಿದ್ದೆ ಹೆಚ್ಚುತ್ತದೆ. ವಾರದ ರಜೆಯ ದಿನ ಬೆಳಿಗ್ಗೆ ಕರೆ ಮಾಡಿ, ಮೊಬೈಲನ್ನು ಜಗಲಿಯಲ್ಲಿ ಇಡಿಸಿ, ಅಮ್ಮ ತನ್ನ ಪಾಡಿಗೆ ಕೆಲಸ ಮಾಡಲಿ. ಊಟವಾಯಿತೇ, ಹುಷಾರಾಗಿದ್ದೀರಾ ಎಂಬ ನಾಲ್ಕು ಮಾತಿಗಿಂತ ಅದು ಎಷ್ಟೋ ಮೇಲು. ಹಾಗೆಯೇ ಮನೆಯ ಒಂದು ಜವಾಬ್ದಾರಿಯನ್ನು, ಸಣ್ಣದಾದರೂ ಸರಿ, ನಿಮ್ಮದೆಂದು ಕೇಳಿ ಪಡೆಯಿರಿ.

ಕನಸು ಬದಲಿಸುವ ಅಭ್ಯಾಸವನ್ನು ನೀವೂ ಮಾಡಬಹುದು. ಒಂದು ಎಚ್ಚರಿಕೆ ಇದೆ. ಕೆಲಸದ ಸ್ಥಳದಲ್ಲಿ ಅಪಘಾತ, ಸಾವು ಕಣ್ಣಾರೆ ಕಂಡಿದ್ದು, ಅದು ಕನಸಿನಲ್ಲಿ ಬರುತ್ತಿದ್ದರೆ ಒಬ್ಬರೇ ಮಾಡಬೇಡಿ, ಕೆರಳಬಹುದು. ಮಾಡಲು ಶುರುಮಾಡಿದ ಮೇಲೆ ಭಯ ಹೆಚ್ಚಿದರೂ ನಿಲ್ಲಿಸಿ.

ನಿದ್ದೆ ಮಾತ್ರೆಯನ್ನು ಗೆಳೆಯನ ಕೈಯಲ್ಲಿ ತರಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಊರಿನಲ್ಲಿ ಸಾಮಾನ್ಯವಾಗಿ ಕೊಡುವ ಆಲ್ಪ್ರಜೋಲಂ, ಕ್ಲೋನಜೆಪಂ ಅಲ್ಲಿ ನಿಯಂತ್ರಿತ ಮದ್ದುಗಳು. ಮುಂಗಡ ಅನುಮತಿ ಮತ್ತು ವೈದ್ಯರ ಚೀಟಿ ಇಲ್ಲದೆ ಸಿಕ್ಕಿದರೆ ವಿಮಾನ ನಿಲ್ದಾಣದಲ್ಲಿಯೇ ಗೆಳೆಯನ ಬಂಧನವಾಗಬಹುದು, ನಿಮ್ಮ ಉಪಕಾರಕ್ಕೆಂದು ಹೊರಟವನು ಜೈಲು ಸೇರಬಹುದು. ವೈದ್ಯಕೀಯವಾಗಿಯೂ ಅದು ನಿಮಗೆ ಹೊಂದುವುದಿಲ್ಲ. ರಾತ್ರಿ ನುಂಗಿದ ಮಾತ್ರೆಯ ಮಂಪರು ಬೆಳಿಗ್ಗೆ ಏಣಿ, ಅಟ್ಟಣಿಗೆ ಹತ್ತುವಾಗಲೂ ಉಳಿದಿರುತ್ತದೆ, ಕೆಲವು ವಾರ ನುಂಗಿದ ಮೇಲೆ ಬಿಡುವುದು ಕಷ್ಟ, ತಟ್ಟನೆ ಬಿಟ್ಟರೆ ಕನಸುಗಳು ಮೊದಲಿಗಿಂತ ಜೋರಾಗಿ ಮರಳುತ್ತವೆ. ನಿದ್ದೆಗಾಗಿ ಕುಡಿಯುವ ಮದ್ಯವೂ ಹಾಗೆಯೇ. ರಾತ್ರಿಯ ಮೊದಲರ್ಧದಲ್ಲಿ ಕನಸನ್ನು ಅದುಮುತ್ತದೆ, ಬೆಳಗಿನ ಜಾವಕ್ಕೆ ಅದೇ ಕನಸು ಬಡ್ಡಿ ಸಮೇತ ಬರುತ್ತದೆ.

ವೈದ್ಯರನ್ನು ಕಾಣಲೇಬೇಕಾದ ಗುರುತುಗಳಿವು. ಮಧ್ಯಾಹ್ನಕ್ಕೆ ಸರಿಹೋಗುತ್ತಿದ್ದ ಮನಸ್ಸು ಎರಡು ವಾರದಿಂದ ದಿನವಿಡೀ ಕುಸಿದೇ ಇದ್ದರೆ, ಮನೆಗೆ ಮಾತಾಡಲೂ ಬೇಡವೆನಿಸಿದರೆ, ಹಸಿವಿಲ್ಲದೆ ಮೈ ಇಳಿಯುತ್ತಿದ್ದರೆ, ಹಗಲು ಎತ್ತರದಲ್ಲಿ ಕೆಲಸ ಮಾಡುವಾಗ ತೂಕಡಿಕೆ ಬಂದರೆ ತಡ ಮಾಡಬೇಡಿ. ಬದುಕುವುದು ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಅಂದೇ ಪಕ್ಕದ ಮಂಚದವನಿಗೆ ಹೇಳಿ, ಒಬ್ಬರೇ ಇರಬೇಡಿ, ಆಸ್ಪತ್ರೆಗೆ ಹೋಗಿ. ದುಬೈಯಲ್ಲಿ ಭಾರತೀಯ ಕಾರ್ಮಿಕರಿಗೆಂದು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ, ಅದರ ಉಚಿತ ಸಹಾಯವಾಣಿ 800 46342. ಊರಿನಲ್ಲಿ ಅಮ್ಮನ ಆತಂಕ ಹೆಚ್ಚಿದರೆ ಅವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಕೊನೆಗೆ, ಬಿಟ್ಟು ಬರುವ ಮಾತು. ಬರಬೇಡಿ ಎಂದು ನಾನು ಹೇಳುವುದಿಲ್ಲ. ಕನಸು ಕಂಡ ಬೆಳಿಗ್ಗೆ ಆ ನಿರ್ಧಾರ ಮಾಡಬೇಡಿ ಎನ್ನುತ್ತೇನೆ. ಮೊದಲು ಮೂರು ವಾರ ದಾಖಲಿಸಿ, ನಿಮ್ಮ ಹಂಬಲದಲ್ಲಿ ದೂರದ ಪಾಲು ಎಷ್ಟು ಎಂದು ನೋಡಿ. ಅದು ಹೆಚ್ಚಿದ್ದರೆ ಊರಿಗೆ ಬಂದರೆ ತಗ್ಗುತ್ತದೆ. ಹಳೆಯ ಮನೆಯ, ಹಳೆಯ ದಿನಗಳ ಪಾಲು ಹೆಚ್ಚಿದ್ದರೆ, ಬಂದ ಕೆಲವೇ ತಿಂಗಳಲ್ಲಿ ದುಡಿಮೆಯೂ ಇಲ್ಲದೆ ಅದೇ ಕನಸಿನೊಂದಿಗೆ ತಾರಸಿ ಮನೆಯಲ್ಲಿ ಮಲಗಿರುತ್ತೀರಿ. ನಡುವಿನ ದಾರಿ ರಜೆ. ಅಲ್ಲಿನ ಕಾನೂನಿನಂತೆ ಒಂದು ವರ್ಷ ದುಡಿದವರಿಗೆ ವರ್ಷಕ್ಕೆ 30 ದಿನದ ವೇತನ ಸಹಿತ ರಜೆ ಇದೆ, ಯಾವಾಗ ಎಂಬುದನ್ನು ಕಂಪನಿ ಗೊತ್ತುಪಡಿಸಬಹುದು. ರಜೆಗೆ ಬಂದಾಗ ಅಕ್ಕಪಕ್ಕದಲ್ಲಿ ಎಸಿ ಕೆಲಸ ಎಷ್ಟು ಸಿಗುತ್ತದೆ, ಕೂಲಿ ಎಷ್ಟು ಎಂದು ವಿಚಾರಿಸಿ, ಸಾಧ್ಯವಾದರೆ ಒಂದು ವಾರ ಮಾಡಿಯೇ ನೋಡಿ, ಉಳಿದ ಸಾಲದ ಲೆಕ್ಕವನ್ನು ಮನೆಯವರ ಮುಂದಿಟ್ಟು ಮಾತಾಡಿ. ಆಮೇಲೂ ಬರುವುದೇ ಸರಿಯೆನಿಸಿದರೆ ಲಿಖಿತ ನೋಟಿಸ್ ಕೊಟ್ಟು ಬನ್ನಿ. ನಿಮ್ಮ ಒಪ್ಪಂದದಲ್ಲಿ ಅದರ ಅವಧಿ 30ರಿಂದ 90 ದಿನಗಳ ನಡುವೆ ಇರುತ್ತದೆ. ಹೇಳದೆ ಹೊರಟರೆ ಕೆಲಸ ಬಿಟ್ಟು ಓಡಿಹೋದನೆಂದು ಕಂಪನಿ ದೂರು ಕೊಡಬಹುದು. ಹಾಗಾದರೆ ಬರಬೇಕಾದ ಬಾಕಿಗೂ, ಮುಂದೆ ಮತ್ತೆ ಹೋಗುವುದಕ್ಕೂ ತೊಡಕಾಗುತ್ತದೆ.